ಖಾಲಿ ಬಿಟ್ಟ ಉತ್ತರಗಳು: ಸಾಲು ಅಳಿಸಬೇಕೆ, ಜಾಗ ತುಂಬಬೇಕೆ?

ಭರ್ತಿಯಾಗಿ ಬಂದ ಪ್ರಶ್ನಾವಳಿಗಳು 400. ಆದರೆ ರಿಗ್ರೆಶನ್ ಓಡಿಸಿದಾಗ ಪರದೆಯ ಕೆಳಗೆ ಸಣ್ಣದೊಂದು ಸಾಲು ಕಾಣುತ್ತದೆ: `(120 observations deleted due to missingness)`. ಯಾರೂ ಅಳಿಸಿ ಎಂದು ಹೇಳಿರಲಿಲ್ಲ. ಮಾದರಿಯಲ್ಲಿ ಬಳಸಿದ ಯಾವುದಾದರೂ ಒಂದು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ವ್ಯಕ್ತಿಯ ಇಡೀ ಸಾಲನ್ನೇ ಕೈಬಿಡುವುದು ಬಹುತೇಕ ಸಾಫ್ಟ್‌ವೇರ್‌ಗಳ ರೂಢಿ. ಆರ್‌ನ `lm` ಹಾಗೇ ಮಾಡುತ್ತದೆ, ಎಸ್‌ಪಿಎಸ್‌ಎಸ್‌ನ ರಿಗ್ರೆಶನ್ ಕೂಡ ಬೇರೆ ಆಯ್ಕೆ ಕೊಡದಿದ್ದರೆ ಹಾಗೇ ಮಾಡುತ್ತದೆ. ಇದನ್ನು ಲಿಸ್ಟ್‌ವೈಸ್ ಡಿಲೀಶನ್ ಎನ್ನುತ್ತಾರೆ. ಇದರ ಹಸಿವು ನಾವು ಅಂದುಕೊಳ್ಳುವುದಕ್ಕಿಂತ ದೊಡ್ಡದು. ಹತ್ತು ಪ್ರಶ್ನೆಗಳಿವೆ, ಪ್ರತಿಯೊಂದರಲ್ಲೂ ಬರೀ ಶೇ. 5ರಷ್ಟು ಖಾಲಿ, ಅದೂ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಎಂದಿಟ್ಟುಕೊಳ್ಳಿ. ಪೂರ್ಣವಾಗಿ ಉಳಿಯುವ ಸಾಲುಗಳು ಸುಮಾರು ಶೇ. 60 ಮಾತ್ರ.

ಇಲ್ಲಿಗೆ ಬಂದ ವಿದ್ಯಾರ್ಥಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಒಬ್ಬರು ‘ಅಳಿಸಿಬಿಡಿ, ಅದೇ ಪ್ರಾಮಾಣಿಕ, ಇಲ್ಲದ ಉತ್ತರವನ್ನು ನೀವ್ಯಾಕೆ ಸೃಷ್ಟಿಸುತ್ತೀರಿ’ ಎನ್ನುತ್ತಾರೆ. ಇನ್ನೊಬ್ಬರು ‘ಇಂಪ್ಯುಟೇಶನ್ ಮಾಡಿ, ಅಂದರೆ ಖಾಲಿ ಜಾಗಕ್ಕೆ ಅಂದಾಜು ಮೌಲ್ಯ ತುಂಬಿ, ಈಗ ಎಲ್ಲರೂ ಅದನ್ನೇ ಮಾಡುತ್ತಾರೆ’ ಎನ್ನುತ್ತಾರೆ. ಎರಡೂ ಅರ್ಧ ಸತ್ಯ. ಯಾವುದು ಸರಿ ಎಂಬುದು ಎಷ್ಟು ಉತ್ತರ ಖಾಲಿಯಿದೆ ಎಂಬುದಕ್ಕಿಂತ, ಯಾಕೆ ಖಾಲಿಯಿದೆ ಮತ್ತು ನೀವು ಏನನ್ನು ಅಂದಾಜು ಮಾಡಹೊರಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಲೆಕ್ಕ ಕೈಯಲ್ಲೇ ಮಾಡಬಹುದಾದ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ.

ನಾನೂರು ಉದ್ಯೋಗಿಗಳು

ಸಮೀಕ್ಷೆಯಲ್ಲಿ 200 ಕಾಯಂ ನೌಕರರು, 200 ಗುತ್ತಿಗೆ ನೌಕರರು. ಉದ್ಯೋಗ ತೃಪ್ತಿಯನ್ನು 0ರಿಂದ 100ರವರೆಗಿನ ಅಂಕದಲ್ಲಿ ಅಳೆಯಲಾಗಿದೆ. ಕಾಯಂ ನೌಕರರಲ್ಲಿ 180 ಮಂದಿ ಉತ್ತರಿಸಿದ್ದಾರೆ, ಅವರ ಸರಾಸರಿ 70. ಗುತ್ತಿಗೆಯವರಲ್ಲಿ ಉತ್ತರಿಸಿದವರು 100 ಮಂದಿ ಮಾತ್ರ, ಅವರ ಸರಾಸರಿ 50. ತಮ್ಮ ಹೆಸರು ಹೊರಬಿದ್ದರೆ ಕೆಲಸಕ್ಕೆ ಕುತ್ತು ಬರಬಹುದೆಂದು ಗುತ್ತಿಗೆಯವರು ಹಿಂಜರಿಯುವುದು ಸಹಜ. ಹೀಗೆ 120 ಅಂಕಗಳು ಖಾಲಿ. ಎರಡೂ ಗುಂಪಿನಲ್ಲಿ ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಶನ್ 15 ಎಂದಿರಲಿ.

ಸಾಲುಗಳನ್ನು ಅಳಿಸಿ ಒಟ್ಟು ಸರಾಸರಿ ತೆಗೆದರೆ 180 × 70 + 100 × 50, ಅಂದರೆ 17,600. ಅದನ್ನು 280ರಿಂದ ಭಾಗಿಸಿದರೆ 62.86. ಖಾಲಿ ಬಿಟ್ಟವರೂ ತಮ್ಮ ತಮ್ಮ ಗುಂಪಿನ ಉಳಿದವರಂತೆಯೇ ಇದ್ದಾರೆ ಎಂದಾದರೆ ನಿಜವಾದ ಸರಾಸರಿ 60. ಕಾಯಂ ನೌಕರರ ದನಿ ಹೆಚ್ಚು ಕೇಳಿಸಿದ್ದರಿಂದ ಸಂಸ್ಥೆ ಇರುವುದಕ್ಕಿಂತ ತೃಪ್ತವಾಗಿ ಕಂಡಿತು. ಉದ್ಯೋಗದ ಬಗೆಯನ್ನು ಬಳಸಿ ಖಾಲಿ ಜಾಗ ತುಂಬಿದರೆ ಉತ್ತರ 60ರ ಆಸುಪಾಸಿಗೆ ಬರುತ್ತದೆ. ಇಲ್ಲಿ ಇಂಪ್ಯುಟೇಶನ್ ಗೆದ್ದಿತು.

ಆದರೆ ನಿಮ್ಮ ಪ್ರಬಂಧದ ಪ್ರಶ್ನೆ ‘ಕಾಯಂ ಮತ್ತು ಗುತ್ತಿಗೆ ನೌಕರರ ತೃಪ್ತಿಯಲ್ಲಿ ಎಷ್ಟು ವ್ಯತ್ಯಾಸವಿದೆ’ ಎಂಬುದಾಗಿದ್ದರೆ? ಅಳಿಸಿದ ಮೇಲೂ 70ರಿಂದ 50 ಕಳೆದರೆ 20. ತುಂಬಿದ ಮೇಲೂ 20. ಉತ್ತರ ಬಿಟ್ಟುಹೋಗುವುದು ಉದ್ಯೋಗದ ಬಗೆಯೊಂದನ್ನೇ ಅವಲಂಬಿಸಿದ್ದು, ಆ ಉದ್ಯೋಗದ ಬಗೆ ರಿಗ್ರೆಶನ್‌ನಲ್ಲಿ ಆಗಲೇ ಇದ್ದರೆ, ಅಳಿಸುವುದರಿಂದ ಗುಣಾಂಕ ವಾಲುವುದಿಲ್ಲ. ದತ್ತಾಂಶ ಒಂದೇ, ಖಾಲಿ ಜಾಗಗಳೂ ಅವೇ. ಒಂದು ಪ್ರಶ್ನೆಗೆ ಡಿಲೀಶನ್ ದಾರಿ ತಪ್ಪಿಸುತ್ತದೆ, ಇನ್ನೊಂದಕ್ಕೆ ಏನೂ ಕೆಡುಕು ಮಾಡುವುದಿಲ್ಲ. ‘ಶೇ. 30 ಖಾಲಿಯಿದೆ, ಆದ್ದರಿಂದ ಅಳಿಸುವುದು ತಪ್ಪು’ ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ.

ಯಾಕೆ ಖಾಲಿ?

1976ರಲ್ಲಿ ಡೊನಾಲ್ಡ್ ರೂಬಿನ್ ಹಾಕಿಕೊಟ್ಟ ಚೌಕಟ್ಟಿನಿಂದ ಬೆಳೆದ ಮೂರು ವಿಂಗಡಣೆಗಳನ್ನೇ ಇಂದಿಗೂ ಬಳಸುತ್ತೇವೆ. ಖಾಲಿ ಬೀಳುವುದಕ್ಕೂ ಯಾವುದಕ್ಕೂ ಸಂಬಂಧವೇ ಇಲ್ಲದಿದ್ದರೆ, ಉದಾಹರಣೆಗೆ ಮುದ್ರಣದಲ್ಲಿ ಕೆಲವು ಪ್ರತಿಗಳ ಒಂದು ಪುಟ ಬಿಟ್ಟುಹೋಗಿದ್ದರೆ, ಅದು ಎಂಸಿಎಆರ್. ನಮ್ಮ ಬಳಿ ದಾಖಲಾಗಿರುವ ಬೇರೆ ಉತ್ತರಗಳನ್ನು ನೋಡಿ ಖಾಲಿಯನ್ನು ವಿವರಿಸಬಹುದಾದರೆ ಎಂಎಆರ್. ಗುತ್ತಿಗೆಯವರು ಹೆಚ್ಚು ಖಾಲಿ ಬಿಟ್ಟದ್ದು, ಆದರೆ ಗುತ್ತಿಗೆಯವರೊಳಗೆ ಯಾರು ಬಿಟ್ಟರೆಂಬುದಕ್ಕೂ ಅವರ ತೃಪ್ತಿಗೂ ನಂಟಿಲ್ಲದ್ದು ಈ ಬಗೆ. ಬರೆಯದೇ ಹೋದ ಉತ್ತರವೇ ಬರೆಯದಿರಲು ಕಾರಣವಾಗಿದ್ದರೆ ಎಂಎನ್‌ಎಆರ್. ಗುತ್ತಿಗೆಯವರಲ್ಲೂ ತೀರಾ ಅತೃಪ್ತರೇ ಪ್ರಶ್ನೆ ದಾಟಿಹೋದರೆ ಹೀಗಾಗುತ್ತದೆ.

ಈ ಕೊನೆಯದು ನಡೆದಿದೆ ಎಂದಿಟ್ಟುಕೊಳ್ಳಿ. ಖಾಲಿ ಬಿಟ್ಟ 100 ಗುತ್ತಿಗೆ ನೌಕರರ ನಿಜ ಸರಾಸರಿ 50 ಅಲ್ಲ, 40. ಆಗ ಗುತ್ತಿಗೆಯವರ ನಿಜ ಸರಾಸರಿ 45, ನಿಜ ವ್ಯತ್ಯಾಸ 25. ಆದರೆ ಅಳಿಸಿದರೂ 20, ಉದ್ಯೋಗದ ಬಗೆಯೊಂದನ್ನೇ ನೋಡಿ ತುಂಬಿದರೂ 20. ‘ಎರಡೂ ವಿಧಾನದಲ್ಲಿ ಫಲಿತಾಂಶ ಒಂದೇ ಬಂದಿದೆ, ಆದ್ದರಿಂದ ಖಾಲಿ ದತ್ತಾಂಶದಿಂದ ತೊಂದರೆಯಿಲ್ಲ’ ಎಂಬ ಸಾಲನ್ನು ಪ್ರಬಂಧಗಳಲ್ಲಿ ಎಷ್ಟು ಸಲ ಓದಿದರೂ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ಎರಡೂ ವಿಧಾನಗಳು ಕೈಹಿಡಿದುಕೊಂಡು ಒಂದೇ ತಪ್ಪು ಜಾಗಕ್ಕೆ ಹೋಗಿ ನಿಲ್ಲಬಹುದು. ಹೋಲಿಕೆ ಪ್ರಾಮಾಣಿಕವಾಗಬೇಕಾದರೆ ಮೂರನೆಯದೊಂದು ಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಎಂಎಆರ್ ಮತ್ತು ಎಂಎನ್‌ಎಆರ್ ನಡುವಿನ ವ್ಯತ್ಯಾಸವನ್ನು ದತ್ತಾಂಶವೇ ಹೇಳಲಾರದು, ಯಾಕೆಂದರೆ ಬೇಕಾದ ಸಾಕ್ಷಿಯೇ ಖಾಲಿಯಿದೆ. ಲಿಟಲ್ ಪರೀಕ್ಷೆ ಎಂಸಿಎಆರ್ ಊಹೆಯನ್ನು ಮಾತ್ರ ಪರೀಕ್ಷಿಸುತ್ತದೆ. ಅದರ ಪಿ ಮೌಲ್ಯ 0.05ಕ್ಕಿಂತ ಹೆಚ್ಚು ಬಂದರೆ ಎಂಸಿಎಆರ್ ಸಾಬೀತಾಯಿತು ಎಂದು ಅರ್ಥವಲ್ಲ. ಅದನ್ನು ಅಲ್ಲಗಳೆಯುವಷ್ಟು ಪುರಾವೆ ಸಿಗಲಿಲ್ಲ ಎಂದಷ್ಟೇ. ಹೆಚ್ಚು ಉಪಯೋಗಕ್ಕೆ ಬರುವ ಕೆಲಸ ಸರಳವಾದದ್ದು: ತೃಪ್ತಿ ಅಂಕ ಖಾಲಿಯಿದ್ದರೆ 1, ಇದ್ದರೆ 0 ಎಂಬ ಹೊಸ ಕಾಲಂ ಮಾಡಿ, ಉದ್ಯೋಗದ ಬಗೆ, ವಯಸ್ಸು, ಪ್ರಶ್ನಾವಳಿ ತುಂಬಿಸಿದ ಸ್ಥಳ ಇವುಗಳ ಮೇಲೆ ಲಾಜಿಸ್ಟಿಕ್ ರಿಗ್ರೆಶನ್ ಓಡಿಸುವುದು. ಯಾರು ಮೌನವಾದರು ಎಂಬುದು ಕಣ್ಣಿಗೆ ಕಾಣುತ್ತದೆ.

ಇದಕ್ಕೂ ಮೊದಲು ಖಾಲಿ ಜಾಗಗಳನ್ನು ಬೇರೆ ಮಾಡಿಟ್ಟಿರಬೇಕು. ‘ಮಕ್ಕಳಿದ್ದರೆ ಮಾತ್ರ ಉತ್ತರಿಸಿ’ ಎಂಬ ಪ್ರಶ್ನೆಯನ್ನು ಮಕ್ಕಳಿಲ್ಲದವರು ಬಿಟ್ಟರೆ ಅದು ಕಳೆದುಹೋದ ಉತ್ತರವಲ್ಲ, ಅನ್ವಯವಾಗದ ಪ್ರಶ್ನೆ. ಅದನ್ನು ತುಂಬಿದರೆ ಇಲ್ಲದ ಮಕ್ಕಳಿಗೆ ವಯಸ್ಸು ಕೊಟ್ಟಂತೆ. ‘ಗೊತ್ತಿಲ್ಲ’ ಎಂದು ಗುರುತು ಹಾಕಿದವರದು ಒಂದು ಉತ್ತರವೇ. ಹಾಗೆಯೇ ದತ್ತಾಂಶ ನಮೂದಿಸುವಾಗ ಖಾಲಿಗೆ 99 ಎಂದು ಹಾಕಿದ್ದರೆ, ಅದನ್ನು ಖಾಲಿ ಎಂದು ಘೋಷಿಸದೇ ಇದ್ದಲ್ಲಿ 0ರಿಂದ 100ರ ಅಳತೆಯಲ್ಲಿ 99 ಪರಮ ತೃಪ್ತಿಯಾಗಿಬಿಡುತ್ತದೆ. ಪ್ರತಿ ಕಾಲಂನಲ್ಲಿ ಯಾವ ಮೌಲ್ಯ ಎಷ್ಟು ಸಲ ಬಂದಿದೆ ಎಂದು ಒಮ್ಮೆ ನೋಡಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ತುಂಬುವುದು ಅಂದರೆ ಏನು ತುಂಬುವುದು?

ಇಂಪ್ಯುಟೇಶನ್ ಹೆಸರಿನಲ್ಲಿ ಅತಿ ಹೆಚ್ಚು ನಡೆಯುವ ಹಾನಿ ಸರಾಸರಿ ತುಂಬುವುದರಿಂದ. ನಮ್ಮ ಉದಾಹರಣೆಯಲ್ಲಿ ಎಲ್ಲ 120 ಜಾಗಕ್ಕೂ 62.86 ಹಾಕಿ ನೋಡಿ. ಕಾಯಂ ನೌಕರರ ಸರಾಸರಿ 69.29ಕ್ಕೆ ಇಳಿಯಿತು. ಗುತ್ತಿಗೆಯವರದು 56.43ಕ್ಕೆ ಏರಿತು. ವ್ಯತ್ಯಾಸ 20ರಿಂದ 12.86ಕ್ಕೆ ಕುಸಿಯಿತು! ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪರಿಣಾಮ ಮಾಯ. ಗುಂಪುವಾರು ಸರಾಸರಿ, ಅಂದರೆ 70 ಮತ್ತು 50 ತುಂಬಿದರೆ ವ್ಯತ್ಯಾಸ ಉಳಿಯುತ್ತದೆ, ಆದರೆ ನೂರು ಗುತ್ತಿಗೆ ನೌಕರರು ದಶಾಂಶ ಸಮೇತ ಒಂದೇ ಅಂಕ ಪಡೆಯುತ್ತಾರೆ. ಮನುಷ್ಯರ ನಡುವಿನ ಏರುಪೇರು ಅಳಿಸಿಹೋಗಿ ಸ್ಟ್ಯಾಂಡರ್ಡ್ ಎರರ್ ಸುಳ್ಳೇ ಚಿಕ್ಕದಾಗುತ್ತದೆ. ‘ಇಲ್ಲದ ಉತ್ತರವನ್ನು ಸೃಷ್ಟಿಸಬೇಡಿ’ ಎಂದು ಆಕ್ಷೇಪಿಸುವವರ ಮಾತು ಇಲ್ಲಿ ಪೂರ್ತಿ ನಿಜ.

ಮಲ್ಟಿಪಲ್ ಇಂಪ್ಯುಟೇಶನ್ ಬೇರೆಯದನ್ನು ಮಾಡುತ್ತದೆ. ಪ್ರತಿ ಖಾಲಿ ಜಾಗಕ್ಕೂ ಆ ವ್ಯಕ್ತಿಯ ಉಳಿದ ಉತ್ತರಗಳಿಗೆ ಹೊಂದುವ ಒಂದು ಮೌಲ್ಯವನ್ನು ಯಾದೃಚ್ಛಿಕವಾಗಿ ಎತ್ತಿ ಹಾಕುತ್ತದೆ. ಇಡೀ ಕೆಲಸವನ್ನು ಹಲವು ಸಲ ಮಾಡಿ ಹಲವು ದತ್ತಾಂಶ ಪ್ರತಿಗಳನ್ನು ಕೊಡುತ್ತದೆ. ಪ್ರತಿಯೊಂದರಲ್ಲೂ ರಿಗ್ರೆಶನ್ ಪ್ರತ್ಯೇಕವಾಗಿ ನಡೆಯುತ್ತದೆ, ಕೊನೆಗೆ ಫಲಿತಾಂಶಗಳನ್ನು ಸೇರಿಸುತ್ತೇವೆ. ಪ್ರತಿಯಿಂದ ಪ್ರತಿಗೆ ಉತ್ತರ ಎಷ್ಟು ಅಲುಗಾಡುತ್ತದೆಯೋ ಅಷ್ಟು ನಮ್ಮ ಅಜ್ಞಾನ. ಈ ವಿಧಾನದ ಪ್ರಾಮಾಣಿಕತೆ ಇರುವುದೇ ಆ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಲ್ಲಿ.

ಲೆಕ್ಕ ಹೀಗೆ. ಐದು ಪ್ರತಿಗಳಲ್ಲಿ ವ್ಯತ್ಯಾಸ 18.8, 21.0, 19.6, 21.2, 19.4 ಬಂತು ಎನ್ನಿ. ಸರಾಸರಿ 20. ಪ್ರತಿಯೊಂದರಲ್ಲೂ ಸ್ಟ್ಯಾಂಡರ್ಡ್ ಎರರ್ 1.5, ಅದರ ವರ್ಗ 2.25. ಇದು ಪ್ರತಿಯೊಳಗಿನ ಅನಿಶ್ಚಿತತೆ. ಐದು ಅಂದಾಜುಗಳು 20ರಿಂದ ಎಷ್ಟು ದೂರವಿವೆ ಎಂಬುದರ ವರ್ಗಗಳನ್ನು ಕೂಡಿದರೆ 4.40, ನಾಲ್ಕರಿಂದ ಭಾಗಿಸಿದರೆ 1.10. ಇದು ಪ್ರತಿಗಳ ನಡುವಿನ ಅನಿಶ್ಚಿತತೆ. ಪ್ರತಿಯೊಳಗಿನದನ್ನು W, ಪ್ರತಿಗಳ ನಡುವಿನದನ್ನು B, ಪ್ರತಿಗಳ ಸಂಖ್ಯೆಯನ್ನು m ಎಂದು ಕರೆದರೆ, ರೂಬಿನ್ ಸೂತ್ರದಂತೆ ಒಟ್ಟು ಅನಿಶ್ಚಿತತೆ T:

```
T = W + (1 + 1/m) × B
T = 2.25 + 1.2 × 1.10 = 3.57
SE = √3.57 = 1.89
```

ಒಂದೇ ಸಲ ತುಂಬಿ, ಅದು ನಿಜವಾದ ಉತ್ತರವೇ ಎಂಬಂತೆ ನಡೆದುಕೊಂಡಿದ್ದರೆ 1.5 ಎಂದು ಬರೆದಿರುತ್ತಿದ್ದೆವು. ಈಗ ಡಿಲೀಶನ್ ಕಡೆ ನೋಡಿ. ಉಳಿದ 180 ಮತ್ತು 100 ಮಂದಿಯಿಂದ ಬರುವ ಸ್ಟ್ಯಾಂಡರ್ಡ್ ಎರರ್ 15 × √(1/180 + 1/100), ಅಂದರೆ 1.87. ಎರಡೂ ಹೆಚ್ಚುಕಡಿಮೆ ಒಂದೇ! ಇಷ್ಟೆಲ್ಲ ಶ್ರಮಪಟ್ಟು ಗಳಿಸಿದ್ದು ಏನೂ ಇಲ್ಲ. ಇದು ಆಕಸ್ಮಿಕವಲ್ಲ. ಖಾಲಿಯಿರುವುದು ಫಲಿತ ಚರ ಒಂದೇ ಆಗಿದ್ದು, ತುಂಬಲು ಬಳಸಿದ ಮಾಹಿತಿ ರಿಗ್ರೆಶನ್‌ನಲ್ಲಿರುವ ಮಾಹಿತಿಯೇ ಆಗಿದ್ದರೆ, ಇಂಪ್ಯುಟೇಶನ್‌ಗೆ ಹೇಳಲು ಹೊಸದೇನೂ ಇರುವುದಿಲ್ಲ. 400 ಎಂಬ ಸಂಖ್ಯೆ ಕೋಷ್ಟಕದಲ್ಲಿ ಚೆಂದ ಕಾಣಬಹುದು, ಆದರೆ 280 ಮಂದಿಯ ಮಾಹಿತಿ 400 ಮಂದಿಯದಾಗುವುದಿಲ್ಲ.

ಹೊಸ ಮಾಹಿತಿ ಬರುವುದು ಸಹಾಯಕ ಚರಗಳಿಂದ. ಇದೇ ಪ್ರಶ್ನಾವಳಿಯಲ್ಲಿ ‘ಮುಂದಿನ ಒಂದು ವರ್ಷದಲ್ಲಿ ಈ ಕೆಲಸ ಬಿಡುವ ಯೋಚನೆ ಎಷ್ಟಿದೆ’ ಎಂಬ ಪ್ರಶ್ನೆಗೆ ಎಲ್ಲ 400 ಮಂದಿ ಉತ್ತರಿಸಿದ್ದಾರೆ, ಅದಕ್ಕೂ ತೃಪ್ತಿಗೂ ಗಟ್ಟಿ ನಂಟಿದೆ ಎಂದುಕೊಳ್ಳಿ. ನಿಮ್ಮ ರಿಗ್ರೆಶನ್‌ನಲ್ಲಿ ಇದಕ್ಕೆ ಜಾಗವಿಲ್ಲ, ಆದರೆ ತುಂಬುವ ಮಾದರಿಯಲ್ಲಿ ಖಂಡಿತ ಇದೆ. ತೃಪ್ತಿ ಬರೆಯದ ಗುತ್ತಿಗೆಯವರು ಕೆಲಸ ಬಿಡುವ ಯೋಚನೆಯನ್ನು ಹೆಚ್ಚಾಗಿ ತೋರಿಸಿದ್ದರೆ, ತುಂಬಿದ ಅಂಕಗಳು 50ರಿಂದ ಕೆಳಗಿಳಿದು ನಿಜವಾದ 40ರ ಕಡೆಗೆ ಸರಿಯುತ್ತವೆ. ಬರೆಯದ ಉತ್ತರದ ಒಂದು ಪಾಲು ಬರೆದ ಬೇರೆ ಉತ್ತರದಲ್ಲಿ ಅಡಗಿದೆ. ಇಂಪ್ಯುಟೇಶನ್ ನಿಜವಾಗಿ ಕೈಹಿಡಿಯುವುದು ಇಂಥ ಕಡೆ, ಮತ್ತು ಸ್ವತಂತ್ರ ಚರಗಳಲ್ಲಿ ಬೇರೆ ಬೇರೆ ಜನ ಬೇರೆ ಬೇರೆ ಪ್ರಶ್ನೆ ಬಿಟ್ಟಿರುವ ಕಡೆ. ಅಲ್ಲಿ ಡಿಲೀಶನ್ ಒಂದು ಉತ್ತರ ಇಲ್ಲವೆಂದು ಒಂಬತ್ತು ಉತ್ತರ ಎಸೆಯುತ್ತದೆ.

ಇದಕ್ಕೆ ತಿರುಗಾಮುರುಗಾ ಪರಿಸ್ಥಿತಿಯೂ ಇದೆ, ಅದನ್ನು ಹೇಳದೇ ಹೋದರೆ ಹೋಲಿಕೆ ಏಕಪಕ್ಷೀಯವಾಗುತ್ತದೆ. ಖಾಲಿಯಿರುವುದು ಆದಾಯದಂಥ ಸ್ವತಂತ್ರ ಚರ, ಹೆಚ್ಚು ಆದಾಯವಿರುವವರೇ ಅದನ್ನು ಮುಚ್ಚಿಟ್ಟಿದ್ದಾರೆ, ಆದರೆ ಮುಚ್ಚಿಡುವುದಕ್ಕೂ ಅವರ ತೃಪ್ತಿಗೂ ನೇರ ಸಂಬಂಧವಿಲ್ಲ ಎನ್ನಿ. ಇದು ಎಂಎನ್‌ಎಆರ್. ಆದರೂ ಪೂರ್ಣ ಸಾಲುಗಳ ಮೇಲಿನ ರಿಗ್ರೆಶನ್ ಗುಣಾಂಕ ಸರಿಯಾಗಿಯೇ ಬರುತ್ತದೆ. ಎಂಎಆರ್ ಎಂದು ನಂಬಿ ತುಂಬಿದರೆ ಅದೇ ವಾಲುತ್ತದೆ. ಹೊಸ ವಿಧಾನ ಎಂಬ ಒಂದೇ ಕಾರಣಕ್ಕೆ ಮಲ್ಟಿಪಲ್ ಇಂಪ್ಯುಟೇಶನ್ ಮೇಲು ಎನ್ನಲಾಗದು.

ಆರ್‌ನಲ್ಲಿ ಮಾಡುವ ಕ್ರಮ

```r
library(mice)
ini  <- mice(d, maxit = 0)
pred <- ini$predictorMatrix
pred[, "id"] <- 0
imp  <- mice(d, m = 30, maxit = 20,
             predictorMatrix = pred, seed = 2718)
summary(pool(with(imp, lm(satis ~ job))), conf.int = TRUE)
summary(lm(satis ~ job, data = d))
```

ಮೇಲಿನ ಲೆಕ್ಕಕ್ಕೆ ಐದು ಪ್ರತಿ ಸಾಕಾಯಿತು, ಪ್ರಬಂಧಕ್ಕೆ ಸಾಲದು. ಅಪೂರ್ಣ ಸಾಲುಗಳ ಶೇಕಡಾವಾರು ಎಷ್ಟೋ ಕನಿಷ್ಠ ಅಷ್ಟು ಪ್ರತಿ ಎಂಬ ರೂಢಿ ಒಳ್ಳೆಯದು. ಇಲ್ಲಿ ಶೇ. 30 ಅಪೂರ್ಣ, ಆದ್ದರಿಂದ 30. ಕ್ರಮಸಂಖ್ಯೆಯ ಕಾಲಂ, ಅಂದರೆ `id`, ಊಹಿಸುವ ಚರವಾಗಿ ಒಳನುಸುಳದಂತೆ ಸೊನ್ನೆ ಹಾಕಿದ್ದನ್ನು ಗಮನಿಸಿ. ಸಂಖ್ಯಾ ಚರಗಳಿಗೆ `mice` ತಾನಾಗಿಯೇ ಬಳಸುವ ವಿಧಾನ `pmm`. ಅದು ಹತ್ತಿರದ ಐವರು ‘ದಾನಿ’ಗಳಲ್ಲಿ ಒಬ್ಬರ ನಿಜ ಉತ್ತರವನ್ನು ತಂದು ಹಾಕುವುದರಿಂದ 0ರ ಕೆಳಗೋ 100ರ ಮೇಲೋ ಹೋಗುವ ಅಸಂಬದ್ಧ ಅಂಕ ಬರುವುದಿಲ್ಲ. ಅದರ ಮಿತಿಯೂ ಇದೇ: ತೀರಾ ಅತೃಪ್ತರು ಒಬ್ಬರೂ ಉತ್ತರಿಸಿರದಿದ್ದರೆ ದಾನ ಮಾಡಲು ಅಂಥ ಅಂಕವೇ ಇರುವುದಿಲ್ಲ.

ಎಡವುವ ಜಾಗಗಳು ಮುಖ್ಯವಾಗಿ ಎರಡು. ಸ್ವತಂತ್ರ ಚರವೊಂದನ್ನು ತುಂಬುವಾಗ ಫಲಿತ ಚರವನ್ನು ‘ಅದನ್ನು ಬಳಸಿದರೆ ಮೋಸವಾಗುತ್ತದೆ’ ಎಂದು ಹೊರಗಿಡುವುದು ಮೊದಲನೆಯದು. ಹಾಗೆ ಮಾಡಿದರೆ ತುಂಬಿದ ಸಾಲುಗಳಲ್ಲಿ ಎರಡರ ನಡುವಿನ ನಂಟೇ ಇಲ್ಲವಾಗಿ ಗುಣಾಂಕ ಸೊನ್ನೆಯ ಕಡೆ ಕುಗ್ಗುತ್ತದೆ. ರಿಗ್ರೆಶನ್‌ನಲ್ಲಿರುವ ಪ್ರತಿಯೊಂದು ಚರವೂ ತುಂಬುವ ಮಾದರಿಯಲ್ಲಿರಬೇಕು. ಎರಡನೆಯದು, 30 ಪ್ರತಿಗಳ ಸರಾಸರಿ ತೆಗೆದು ಒಂದೇ ದತ್ತಾಂಶ ಮಾಡಿಕೊಂಡು ಅದರ ಮೇಲೆ ವಿಶ್ಲೇಷಣೆ ನಡೆಸುವುದು. ಅಲುಗಾಟವೆಲ್ಲ ಸರಾಸರಿಯಲ್ಲಿ ಕರಗಿ, ಗುಂಪುವಾರು ಸರಾಸರಿ ತುಂಬಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

`plot(imp)` ಕೊಡುವ ಗೆರೆಗಳು ಒಂದರೊಳಗೊಂದು ಹೆಣೆದುಕೊಂಡಿರಬೇಕು. ಒಂದೇ ದಿಕ್ಕಿಗೆ ಏರುತ್ತಲೋ ಇಳಿಯುತ್ತಲೋ ಇದ್ದರೆ `maxit` ಹೆಚ್ಚಿಸಿ. `densityplot(imp)` ಚಿತ್ರದಲ್ಲಿ ತುಂಬಿದ ಅಂಕಗಳು ಇರುವ ಅಂಕಗಳಿಗಿಂತ ಎಡಕ್ಕೆ ಸರಿದಿದ್ದರೆ ಗಾಬರಿ ಬೇಡ. ಖಾಲಿ ಬಿಟ್ಟವರಲ್ಲಿ ಗುತ್ತಿಗೆಯವರೇ ಹೆಚ್ಚಿರುವಾಗ ಅದು ಹಾಗೆಯೇ ಕಾಣಬೇಕು.

ಮೂರನೆಯ ಲೆಕ್ಕ

ಈಗ ಬಾಕಿ ಉಳಿದದ್ದು. ಖಾಲಿ ಬಿಟ್ಟ ಗುತ್ತಿಗೆಯವರು ನಾವು ತುಂಬಿದ್ದಕ್ಕಿಂತ 10 ಅಂಕ ಕಡಿಮೆ ತೃಪ್ತರಾಗಿದ್ದರೆ? ತುಂಬಿದ ಜಾಗಗಳಿಂದ ಮಾತ್ರ 10 ಕಳೆದು ಮತ್ತೆ ಲೆಕ್ಕ ಹಾಕುವುದಕ್ಕೆ ಡೆಲ್ಟಾ ಹೊಂದಾಣಿಕೆ ಎನ್ನುತ್ತಾರೆ.

```r
L <- complete(imp, "long", include = TRUE)
k <- L$.imp > 0 & L$job == "contract" &
     L$id %in% d$id[is.na(d$satis)]
L$satis[k] <- L$satis[k] - 10
summary(pool(with(as.mids(L), lm(satis ~ job))))
```

ಉದ್ಯೋಗದ ಬಗೆಯೊಂದನ್ನೇ ನೋಡಿ ತುಂಬಿದ ನಮ್ಮ ಉದಾಹರಣೆಯಲ್ಲಿ ಗುತ್ತಿಗೆಯವರ ಅರ್ಧ ಅಂಕಗಳು ಖಾಲಿಯಿರುವುದರಿಂದ 10 ಕಳೆದರೆ ವ್ಯತ್ಯಾಸ 5 ಹೆಚ್ಚಿ 25 ಆಗುತ್ತದೆ. 5 ಕಳೆದರೆ 22.5. ಎದುರು ದಿಕ್ಕಿಗೂ ಹೋಗಿ ನೋಡಬೇಕು: ಖಾಲಿ ಬಿಟ್ಟವರು ಉತ್ತರಿಸಿದವರಿಗಿಂತ ಹೆಚ್ಚು ತೃಪ್ತರಾಗಿದ್ದರೆ ತೀರ್ಮಾನ ಯಾವಾಗ ಬೀಳುತ್ತದೆ? ವ್ಯತ್ಯಾಸ ಶೇ. 5ರ ಮಟ್ಟದಲ್ಲಿ ಮಹತ್ವ ಕಳೆದುಕೊಳ್ಳಬೇಕಾದರೆ ಅವರು ಸುಮಾರು 30 ಅಂಕಕ್ಕಿಂತಲೂ ಹೆಚ್ಚು ತೃಪ್ತರಾಗಿರಬೇಕು, ಅಂದರೆ ಅವರ ಸರಾಸರಿ 80 ದಾಟಿ, ಕಾಯಂ ನೌಕರರಿಗಿಂತಲೂ ಮೇಲಿರಬೇಕು. ಅದು ಸಾಧ್ಯವೇ ಎಂಬುದನ್ನು ಸಂಖ್ಯಾಶಾಸ್ತ್ರ ಹೇಳುವುದಿಲ್ಲ. ಆ ಕ್ಷೇತ್ರ ಬಲ್ಲವರು ಹೇಳಬೇಕು. ಡೆಲ್ಟಾ ಮೌಲ್ಯಗಳನ್ನು ಫಲಿತಾಂಶ ನೋಡಿ ಆರಿಸಬಾರದು. ಮುಖ್ಯ ವಿಶ್ಲೇಷಣೆ ಯಾವುದು, ಜೊತೆಗಿಡುವುದು ಯಾವುದು, ಡೆಲ್ಟಾ ಎಷ್ಟರಿಂದ ಎಷ್ಟರವರೆಗೆ ಎಂಬುದನ್ನು ಯಾವ ರಿಗ್ರೆಶನ್ನೂ ಓಡಿಸುವ ಮೊದಲೇ ದಿನಾಂಕ ಹಾಕಿ ಬರೆದು ಮಾರ್ಗದರ್ಶಕರಿಗೆ ಕಳಿಸಿಬಿಡಿ. ಎರಡೂ ಮಾಡಿ ನೋಡಿ, ಪಿ ಮೌಲ್ಯ ಚಿಕ್ಕದು ಬಂದದ್ದನ್ನು ಮುಖ್ಯವೆಂದು ಕರೆಯುವ ದಾರಿ ಆಗ ತಾನಾಗಿ ಮುಚ್ಚುತ್ತದೆ.

ಎರಡು ವಿಧಾನಗಳ ಉತ್ತರ ಬೇರೆಯಾದರೆ ಅದನ್ನು ಮುಚ್ಚಿಡಬೇಕಾದ ದೋಷವೆಂದು ತಿಳಿಯಬೇಡಿ. ಅದೊಂದು ಸುಳಿವು. ಸಹಾಯಕ ಚರವನ್ನು ತೆಗೆದು ಮತ್ತೊಮ್ಮೆ ತುಂಬಿ ನೋಡಿ. ಉತ್ತರ ಡಿಲೀಶನ್ ಕಡೆಗೆ ಮರಳಿದರೆ, ವ್ಯತ್ಯಾಸ ತಂದದ್ದು ಆ ಚರವೇ. ಅದನ್ನು ಹೆಸರಿಸಿ ಬರೆಯಬಹುದು. ಮರಳದಿದ್ದರೆ ತುಂಬುವ ಮಾದರಿಯಲ್ಲೇ ಏನೋ ಕೆಟ್ಟಿರಬಹುದು, ಕೋಡ್‌ಗೆ ಹಿಂತಿರುಗಿ.

ಪ್ರಬಂಧದ ವಿಧಾನ ಅಧ್ಯಾಯದಲ್ಲಿ ಈ ಉದಾಹರಣೆಗೆ ಹೀಗೆ ಬರೆದರೆ ಸಾಕು: “ತೃಪ್ತಿ ಅಂಕ 400ರಲ್ಲಿ 120 ಮಂದಿಯಲ್ಲಿ ಲಭ್ಯವಿಲ್ಲ (ಕಾಯಂ ಶೇ. 10, ಗುತ್ತಿಗೆ ಶೇ. 50). ಮುಖ್ಯ ವಿಶ್ಲೇಷಣೆ ಪೂರ್ಣ ಸಾಲುಗಳ ಮೇಲೆ ನಡೆದಿದೆ: ವ್ಯತ್ಯಾಸ 20.0, ಸ್ಟ್ಯಾಂಡರ್ಡ್ ಎರರ್ 1.87. ಉದ್ಯೋಗದ ಬಗೆ ಬಳಸಿ ಮಾಡಿದ ಮಲ್ಟಿಪಲ್ ಇಂಪ್ಯುಟೇಶನ್ ಇದನ್ನು ಬದಲಿಸಲಿಲ್ಲ. ಎರಡೂ ಒಂದೇ ಊಹೆಯ ಮೇಲೆ ನಿಂತಿರುವುದರಿಂದ ಇದನ್ನು ಸ್ವತಂತ್ರ ಪುರಾವೆಯೆಂದು ಪರಿಗಣಿಸಿಲ್ಲ. ಉತ್ತರಿಸದ ಗುತ್ತಿಗೆ ನೌಕರರು 10 ಅಂಕ ಕಡಿಮೆ ತೃಪ್ತರಾಗಿದ್ದರೆ ವ್ಯತ್ಯಾಸ 25 ಆಗುತ್ತದೆ. ಆದ್ದರಿಂದ 20 ಎಂಬುದು ಕೆಳಗಿನ ಅಂದಾಜಾಗಿರುವ ಸಾಧ್ಯತೆಯಿದೆ.”